ಹಳೇ ಲ್ಯಾಪ್‌ಟಾಪ್‌ನಲ್ಲಿ 4ಕೆ ಯಕ್ಷಗಾನ: ಪ್ರಾಕ್ಸಿ ಫೈಲ್ ಬಳಸಿ ಎಡಿಟ್ ಮಾಡಿದ ಅನುಭವ

ಯಕ್ಷಗಾನದ ವಿಡಿಯೊ ಎಡಿಟ್ ಮಾಡುವಾಗ ಕಟ್ ಬೀಳಬೇಕಾದ ಜಾಗವನ್ನು ಚೆಂಡೆಯೇ ಹೇಳುತ್ತದೆ. ಮುಕ್ತಾಯದ ಪೆಟ್ಟು ಬಿತ್ತು, ವೇಷಧಾರಿಯ ಕಾಲು ನೆಲಕ್ಕೆ ತಾಗಿತು, ಅಲ್ಲೇ ದೂರದ ಶಾಟ್‌ನಿಂದ ಹತ್ತಿರದ ಶಾಟ್‌ಗೆ ಹೋಗಬೇಕು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಆಚೀಚೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹಾಗಾಗಿ ಎಡಿಟ್ ಮಾಡುವಾಗ ವಿಡಿಯೊ ತಡೆಯಿಲ್ಲದೆ ಓಡಲೇಬೇಕು. ತಡೆದು ತಡೆದು ಓಡುವ ಚಿತ್ರದಲ್ಲಿ ತಾಳ ಹಿಡಿಯುವುದು ಆಗದ ಮಾತು.

ನನ್ನ ಹತ್ತಿರ ಇರುವುದು ಎಂಟನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಊರಿನ ಹತ್ತಿರ ನಡೆದ ಬಡಗುತಿಟ್ಟಿನ ಒಂದು ಕಾಲಮಿತಿ ಆಟವನ್ನು ಎರಡು ಕಡೆಯಿಂದ ಚಿತ್ರಿಸಿದ್ದೆವು. ರಂಗಸ್ಥಳದ ಎದುರು ಸ್ಟ್ಯಾಂಡ್ ಮೇಲೆ ಮಿರರ್‌ಲೆಸ್ ಕ್ಯಾಮೆರಾ ಇತ್ತು. ಪಕ್ಕದಿಂದ ತಮ್ಮ ಫೋನಿನಲ್ಲಿ ಹಿಡಿಯುತ್ತಿದ್ದ. ಕ್ಯಾಮೆರಾದ ವಿಡಿಯೊ 4ಕೆ, 10 ಬಿಟ್, ಸೆಕೆಂಡಿಗೆ 140 ಮೆಗಾಬಿಟ್. ಅಂದರೆ ಗಂಟೆಗೆ 63 ಜಿಬಿ. ಎರಡೂವರೆ ಗಂಟೆಯ ಆಟಕ್ಕೆ ಸುಮಾರು 157 ಜಿಬಿ ಆಯಿತು. ಇಷ್ಟನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ ಕೆಡಿಎನ್‌ಲೈವ್ ತೆರೆದೆ. ಇದು ಉಚಿತ ಎಡಿಟಿಂಗ್ ಸಾಫ್ಟ್‌ವೇರ್, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಸಿಗುತ್ತದೆ. ಕ್ಲಿಪ್ ಟೈಮ್‌ಲೈನಿಗೆ ಎಳೆದು ಪ್ಲೇ ಒತ್ತಿದರೆ ಸೆಕೆಂಡಿಗೆ ನಾಲ್ಕೈದು ಫ್ರೇಮ್ ಮಾತ್ರ ಬರುತ್ತಿತ್ತು. ಭಾಗವತರ ಪದ ಮುಂದೆ ಹೋಗುತ್ತಿತ್ತು, ವೇಷ ಹಿಂದೆ ನಿಲ್ಲುತ್ತಿತ್ತು.

ಮೊದಲು ಹಾರ್ಡ್ ಡಿಸ್ಕ್ ನಿಧಾನವಿರಬಹುದಾ ಅಂತ ನೋಡಿದೆ. 140 ಮೆಗಾಬಿಟ್ ಅಂದರೆ ಸೆಕೆಂಡಿಗೆ 17.5 ಮೆಗಾಬೈಟ್. ಸಾಮಾನ್ಯ ಯುಎಸ್‌ಬಿ 3 ಹಾರ್ಡ್ ಡಿಸ್ಕಿಗೆ ಅದು ದೊಡ್ಡ ಕೆಲಸ ಅಲ್ಲ. ಪ್ಲೇ ಮಾಡುತ್ತಲೇ ಸಿಸ್ಟಮ್ ಮಾನಿಟರ್ ತೆರೆದಾಗ ಡಿಸ್ಕ್ ಆರಾಮಾಗಿತ್ತು. ಪ್ರೊಸೆಸರಿನ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿದ್ದವು. ನಿಮ್ಮ ಲ್ಯಾಪ್‌ಟಾಪ್ ತಡೆಯುತ್ತಿದ್ದರೆ ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ. ಡಿಸ್ಕ್ ಪೂರ್ತಿ ಬಿಜಿಯಾಗಿದ್ದು ಪ್ರೊಸೆಸರ್ ಸುಮ್ಮನಿದ್ದರೆ ಡಿಸ್ಕ್ ಬದಲಿಸಬೇಕು. ಪ್ರೊಸೆಸರೇ ತುಂಬಿದ್ದರೆ ಪ್ರಾಕ್ಸಿ ಬೇಕು, ಅಂದರೆ ಎಡಿಟ್ ಮಾಡುವಾಗ ಮೂಲ ಕ್ಲಿಪ್ ಬದಲು ಬಳಸುವ ಹಗುರವಾದ ನಕಲು ಫೈಲು.

ಪ್ರೊಸೆಸರ್ ಅಷ್ಟು ದುಡಿಯುತ್ತಿದ್ದುದು ಯಾಕೆ ಅಂತ ತಿಳಿಯಲು ಕ್ಲಿಪ್‌ನ ಒಳಗೆ ಏನಿದೆ ನೋಡಬೇಕು. ಅದಕ್ಕೆ ffmpeg ಅನ್ನುವ ಉಚಿತ ಸಾಫ್ಟ್‌ವೇರ್ ಜೊತೆ ಬರುವ ಈ ಕಮಾಂಡ್:

```
ffprobe -v error -select_streams v:0 \
 -show_entries stream=codec_name,width,height,pix_fmt,r_frame_rate,avg_frame_rate \
 -of default=nw=1 C0012.MP4
```

ನನಗೆ ಬಂದ ಉತ್ತರದಲ್ಲಿ ಮುಖ್ಯವಾದದ್ದು ಎರಡು ಸಾಲು: `codec_name=h264` ಮತ್ತು `pix_fmt=yuv422p10le`. ಮೊದಲ ಸಾಲು ವಿಡಿಯೊವನ್ನು ಮಡಿಸಿ ಚಿಕ್ಕದು ಮಾಡಿದ ವಿಧಾನದ ಹೆಸರು, ಹೆಚ್.264. ಎರಡನೇ ಸಾಲೇ ನನ್ನ ಲ್ಯಾಪ್‌ಟಾಪಿಗೆ ಕಷ್ಟ ಕೊಡುತ್ತಿದ್ದದ್ದು. ಅದರಲ್ಲಿ 422 ಅಂದರೆ ಬಣ್ಣದ ಮಾಹಿತಿ ಮಾಮೂಲಿ ವಿಡಿಯೊಗಿಂತ ಎರಡು ಪಟ್ಟು ಇದೆ, 10 ಅಂದರೆ ಹತ್ತು ಬಿಟ್. ಇಂಟೆಲ್ ಚಿಪ್‌ಗಳ ಒಳಗೆ ವಿಡಿಯೊ ಬಿಚ್ಚಲಿಕ್ಕೆಂದೇ ಒಂದು ಭಾಗ ಇರುತ್ತದೆ. ಎಂಟನೇ ತಲೆಮಾರಿನ ಚಿಪ್‌ನಲ್ಲಿ ಆ ಭಾಗಕ್ಕೆ ಮಾಮೂಲಿ 8 ಬಿಟ್‌ನ ಹೆಚ್.264 ಗೊತ್ತು. ಈ 10 ಬಿಟ್ 4:2:2 ಗೊತ್ತಿಲ್ಲ. ಹಾಗಾಗಿ ಇಡೀ ಹೊರೆ ಪ್ರೊಸೆಸರಿನ ಮೇಲೇ ಬೀಳುತ್ತದೆ. ನಿಮ್ಮ ಫೋನಿನ 4ಕೆ ಚೆನ್ನಾಗಿ ಓಡಿ, ಒಳ್ಳೇ ಕ್ಯಾಮೆರಾದ 4ಕೆ ಮಾತ್ರ ನಿಂತುಬಿಟ್ಟರೆ ಕಾರಣ ಬಹುಪಾಲು ಇದೇ ಇರುತ್ತದೆ.

ಇನ್ನೊಂದು ಕಾರಣ ಹೆಚ್.264ರ ಸ್ವಭಾವದಲ್ಲೇ ಇದೆ. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಅಂಗಡಿಯ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಸೋಮವಾರ ಪೂರ್ತಿ ಬಾಕಿ ಬರೆದಿದ್ದಾರೆ, ಆಮೇಲೆ ದಿನಾ ಬಂದದ್ದು ಹೋದದ್ದು ಮಾತ್ರ. ಗುರುವಾರದ ಬಾಕಿ ಎಷ್ಟು ಅಂತ ಕೇಳಿದರೆ ಸೋಮವಾರದಿಂದ ಕೂಡುತ್ತಾ ಬರಬೇಕು. ವಿಡಿಯೊದಲ್ಲೂ ಹಾಗೇ. ಒಂದು ಪೂರ್ತಿ ಫ್ರೇಮ್, ಆಮೇಲೆ ಏನು ಬದಲಾಯಿತು ಅನ್ನುವುದು ಮಾತ್ರ. ಅದನ್ನು ಕಣ್ಣಾರೆ ನೋಡಬಹುದು:

```
ffprobe -v error -select_streams v:0 -read_intervals "%+3" \
 -show_entries frame=pict_type -of csv=p=0 C0012.MP4
```

ಸಾಲಾಗಿ `I`, `B`, `P` ಅಕ್ಷರಗಳು ಬರುತ್ತವೆ. `I` ಅಂದರೆ ಪೂರ್ತಿ ಫ್ರೇಮ್. ಮಿಕ್ಕವು ಅಕ್ಕಪಕ್ಕದ ಫ್ರೇಮ್‌ಗಳನ್ನು ನಂಬಿಕೊಂಡವು. ಒಂದು `I` ಯಿಂದ ಇನ್ನೊಂದು `I` ಎಷ್ಟು ದೂರ ಇದೆಯೋ, ಟೈಮ್‌ಲೈನಿನಲ್ಲಿ ಎಲ್ಲೋ ಮಧ್ಯೆ ಕ್ಲಿಕ್ ಮಾಡಿದಾಗ ಅಷ್ಟೂ ಕೆಲಸ ಮಾಡಬೇಕಾಗಬಹುದು. ಸುಮ್ಮನೆ ಸಿನಿಮಾ ನೋಡುವವರಿಗೆ ಇದು ತೊಂದರೆ ಅಲ್ಲ, ಅವರು ಮುಂದಕ್ಕೆ ಮಾತ್ರ ಹೋಗುತ್ತಾರೆ. ಎಡಿಟ್ ಮಾಡುವವರು ಹಿಂದೆ ಮುಂದೆ ಜಾರುತ್ತಲೇ ಇರುತ್ತಾರೆ. ಒಂದು ದಿಗಿಣ ಎಲ್ಲಿ ಶುರುವಾಯಿತು ಅಂತ ಹುಡುಕಲು ಬಾಣದ ಕೀ ಒತ್ತಿ ಹಿಂದಕ್ಕೆ ಒಂದೊಂದೇ ಫ್ರೇಮ್ ಹೋಗುವಾಗಲಂತೂ ಈ ಹೊರೆ ಚೆನ್ನಾಗಿ ಗೊತ್ತಾಗುತ್ತದೆ.

ಪ್ರಿವ್ಯೂ ರೆಸಲ್ಯೂಶನ್ ಕಡಿಮೆ ಮಾಡಿ ನೋಡಿದೆ. ಮಾನಿಟರಿನಲ್ಲಿ 540ಪಿ ಆರಿಸಿದೆ. ಎರಡು ಕ್ಲಿಪ್ ಒಟ್ಟಿಗೆ ತೋರಿಸುವ ಕಡೆ ಸ್ವಲ್ಪ ಹಗುರಾಯಿತು. ಅದು ಬಿಟ್ಟರೆ ಅದೇ ಕಥೆ. ಯಾಕೆಂದರೆ ಚಿಕ್ಕದು ಮಾಡಿ ತೋರಿಸಬೇಕಾದರೂ ಮೊದಲು 4ಕೆ ಫ್ರೇಮನ್ನು ಪೂರ್ತಿ ಬಿಚ್ಚಲೇಬೇಕು. ಹೊರೆ ಇರುವುದು ಬಿಚ್ಚುವುದರಲ್ಲಿ, ತೋರಿಸುವುದರಲ್ಲಲ್ಲ.

ಕುಂದಾಪುರದ ಕಡೆ ಮದುವೆ ವಿಡಿಯೊ ಎಡಿಟ್ ಮಾಡುವ ಪರಿಚಯದ ಅಣ್ಣ ಒಬ್ಬರಿದ್ದಾರೆ. ಫೋನ್ ಮಾಡಿ, ಎಲ್ಲವನ್ನೂ ಚಿಕ್ಕ ಹೆಚ್.265 ಫೈಲು ಮಾಡಿಕೊಂಡರೆ ಆಗುತ್ತದಾ ಅಂತ ಕೇಳಿದೆ.

"ಫೈಲು ಚಿಕ್ಕದಾದ್ರೆ ಸಾಲ್ದು ಮಾರಾಯ. ಬಿಚ್ಚಲಿಕ್ಕೆ ಸುಲಭ ಇರ್ಬೇಕು. ಜಾಗ ಎಷ್ಟು ತಿಂತದೆ ಅಂತ ಆಮೇಲೆ ನೋಡು" ಅಂದರು.

ಪ್ರಾಕ್ಸಿಯ ಬಗ್ಗೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದೇ. ಹೆಚ್.265 ಫೈಲು ಚಿಕ್ಕದಾಗಿರುವುದೇ ಹೆಚ್ಚು ಬಿಗಿಯಾಗಿ ಮಡಿಸಿದ್ದರಿಂದ. ಅಂಥದನ್ನು ಬಿಚ್ಚುವ ಕೆಲಸ ಇನ್ನೂ ಜಾಸ್ತಿ. ಪ್ರಾಕ್ಸಿಗೆ ಬೇಕಾದದ್ದು ಎರಡು ಗುಣ: ಚಿತ್ರದ ಅಳತೆ ಚಿಕ್ಕದಿರಬೇಕು, ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ ಇರಬೇಕು. ಪ್ರೊರೆಸ್, ಡಿಎನ್‌ಎಕ್ಸ್‌ಹೆಚ್‌ಆರ್, ಮೋಷನ್ ಜೆಪೆಗ್ ಇವೆಲ್ಲ ಆ ಜಾತಿಯವು. ನಾನು ಮೋಷನ್ ಜೆಪೆಗ್ ಆರಿಸಿದೆ. ಅದರಲ್ಲಿ ಪ್ರತಿ ಫ್ರೇಮೂ ಒಂದು ಜೆಪೆಗ್ ಫೋಟೊ. ಹಳೇ ಪ್ರೊಸೆಸರಿಗೂ ಅದು ಸುಲಭ.

ಕೆಡಿಎನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದರೆ ಪ್ರಾಕ್ಸಿಗೆ ಒಂದು ಪುಟ ಇದೆ. ಅಲ್ಲಿ ಪ್ರಾಕ್ಸಿ ಬಳಸುವುದಕ್ಕೆ ಟಿಕ್ ಹಾಕಿ, ಇಷ್ಟು ಪಿಕ್ಸೆಲ್‌ಗಿಂತ ಅಗಲ ಇರುವ ವಿಡಿಯೊಗೆ ತಾನಾಗಿ ಪ್ರಾಕ್ಸಿ ಮಾಡು ಅಂತ ಹೇಳಬಹುದು. ನಾನು 1000 ಅಂತಲೇ ಬಿಟ್ಟೆ, ನನ್ನ ಎಲ್ಲ ಕ್ಲಿಪ್‌ಗಳೂ ಅದಕ್ಕಿಂತ ದೊಡ್ಡವು. ಪ್ರಾಕ್ಸಿಯ ಅಗಲ 640 ಇತ್ತು, ಅದನ್ನು 960 ಮಾಡಿದೆ. 640ರಲ್ಲಿ ವೇಷಧಾರಿಯ ಕಣ್ಣು ಎತ್ತ ನೋಡುತ್ತಿದೆ ಅಂತ ದೂರದ ಶಾಟ್‌ನಲ್ಲಿ ತಿಳಿಯುತ್ತಿರಲಿಲ್ಲ. ಯಾವ ಟೇಕ್ ಇಡಬೇಕು ಅಂತ ನಿರ್ಧರಿಸುವುದಕ್ಕೆ ಕಣ್ಣು ಕಾಣಲೇಬೇಕು. 960 ಅಗಲ 540 ಎತ್ತರದ ಚಿತ್ರದಲ್ಲಿ ಇರುವ ಪಿಕ್ಸೆಲ್‌ಗಳು 4ಕೆಯ ಹದಿನಾರನೇ ಒಂದು ಪಾಲು. ನನ್ನ ಲ್ಯಾಪ್‌ಟಾಪಿಗೆ ಅಷ್ಟು ಇಳಿಸಿದರೆ ಸಾಕಾಯಿತು.

ಪ್ರಾಕ್ಸಿ ಎಲ್ಲಿ ಕೂರಬೇಕು ಅನ್ನುವುದನ್ನೂ ಆಗಲೇ ನಿರ್ಧರಿಸಿದೆ. ಮೂಲ ಕ್ಲಿಪ್‌ಗಳು ಹೊರಗಿನ ಡಿಸ್ಕಿನಲ್ಲಿ, ಪ್ರಾಕ್ಸಿಗಳು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲಿ. ಇದೇ ಅಳತೆಯಲ್ಲಿ ನನಗೆ ಗಂಟೆಗೆ ಎಂಟು ಜಿಬಿ ಆಸುಪಾಸು ಬಂತು. ಅಷ್ಟು ಜಾಗ ಸಿಗುವುದು ಕಷ್ಟವಲ್ಲ. ಎಡಿಟ್ ಶುರುವಾದ ಮೇಲೆ ಹೊರಗಿನ ಡಿಸ್ಕಿನ ಫೋಲ್ಡರ್ ಹೆಸರು ಬದಲಿಸಲೇಬಾರದು. ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುವುದು ಮೂಲ ಫೈಲಿನ ದಾರಿಯನ್ನು.

ಕ್ಯಾಮೆರಾದ ಕ್ಲಿಪ್‌ಗಳನ್ನು ಸೇರಿಸುವ ಮೊದಲು ಫೋನಿನ ಕ್ಲಿಪ್‌ಗಳ ಕೆಲಸ ಒಂದು ಇತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪ್ರಾಕ್ಸಿ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಬಹಳಷ್ಟು ಫೋನ್‌ಗಳು ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಸೆಕೆಂಡಿಗೆ 30 ಇದ್ದದ್ದು 28, 29 ಅಂತ ಏರಿಳಿಯುತ್ತದೆ. ರಾತ್ರಿಯ ಆಟದಲ್ಲಿ ಇದು ಇನ್ನೂ ಜಾಸ್ತಿ. ಮೇಲಿನ ಮೊದಲ ಕಮಾಂಡನ್ನು ಫೋನ್ ಕ್ಲಿಪ್ ಮೇಲೆ ಓಡಿಸಿದಾಗ `r_frame_rate` ಮತ್ತು `avg_frame_rate` ಬೇರೆ ಬೇರೆ ಬಂದರೆ ಅನುಮಾನ ಪಡಬೇಕು. ನನ್ನದರಲ್ಲಿ ಬೇರೆ ಬೇರೆಯೇ ಬಂತು.

ಪ್ರಾಕ್ಸಿಗೂ ಮೂಲಕ್ಕೂ ಇರುವ ಒಪ್ಪಂದ ಒಂದೇ: ಪ್ರಾಕ್ಸಿಯ ಸಾವಿರದನೇ ಫ್ರೇಮ್ ಮೂಲದ ಸಾವಿರದನೇ ಫ್ರೇಮೇ ಆಗಿರಬೇಕು. ಫ್ರೇಮ್ ವೇಗ ಏರಿಳಿಯುವ ಫೈಲಿನಿಂದ ಪ್ರಾಕ್ಸಿ ಮಾಡಿದರೆ ಆ ಲೆಕ್ಕ ತಪ್ಪಬಹುದು. ಎಡಿಟ್ ಮಾಡುವಾಗ ಚೆಂಡೆಯ ಪೆಟ್ಟಿಗೆ ಸರಿಯಾಗಿ ಕಟ್ ಕೂತಿರುತ್ತದೆ, ಮೂಲದಿಂದ ರೆಂಡರ್ ಮಾಡಿದಾಗ ಕಾಲು ಮುಂಚೆಯೋ ಆಮೇಲೋ ಬೀಳುತ್ತದೆ. ಅದಕ್ಕೇ ಫೋನ್ ಕ್ಲಿಪ್‌ಗಳನ್ನು ಮೊದಲು ಒಂದೇ ವೇಗಕ್ಕೆ ತಂದುಕೊಂಡೆ:

```
ffmpeg -i phone01.mp4 -vf fps=25 -c:v libx264 -crf 16 -g 1 \
 -c:a pcm_s16le phone01_25.mov
```

ಇಲ್ಲಿ `fps=25` ಅನ್ನುವುದು ವೇಗವನ್ನು ಒಂದೇ ಸಮ ಮಾಡುತ್ತದೆ. `-g 1` ಅಂದರೆ ಪ್ರತಿ ಫ್ರೇಮೂ ಪೂರ್ತಿ ಫ್ರೇಮ್ ಆಗಿರಲಿ ಅಂತ. 30ರಿಂದ 25ಕ್ಕೆ ಇಳಿಸಿದಾಗ ಕೆಲವು ಫ್ರೇಮ್ ಬಿಟ್ಟುಹೋಗುತ್ತವೆ, ವೇಗದ ಕುಣಿತದಲ್ಲಿ ಚಲನೆ ಸ್ವಲ್ಪ ಒರಟಾಗಿ ಕಾಣುತ್ತದೆ. ಫೋನಿನಲ್ಲಿ 25 ಆರಿಸುವ ಸೌಲಭ್ಯ ಇದ್ದರೆ ಚಿತ್ರಿಸುವಾಗಲೇ ಹಾಗೆ ಇಡುವುದು ಒಳ್ಳೆಯದು. ಹೊಸ ಫೈಲು ತಯಾರಾದ ಮೇಲೆ ಪ್ರಾಜೆಕ್ಟಿನ ಮಟ್ಟಿಗೆ ಅದೇ ಮೂಲ. ಫೋನಿನಿಂದ ಬಂದದ್ದನ್ನು ಬೇರೆ ಫೋಲ್ಡರಿನಲ್ಲಿ ಜೋಪಾನ ಮಾಡಿ ಇಟ್ಟೆ. ಅಂದ ಹಾಗೆ, ಇಂಥ ಕ್ಲಿಪ್ ಸೇರಿಸಿದರೆ ಕೆಡಿಎನ್‌ಲೈವ್ ತಾನೇ ಗುರುತಿಸಿ, ಎಡಿಟಿಗೆ ಸರಿಹೋಗುವ ಹಾಗೆ ಬದಲಿಸಲಾ ಅಂತ ಕೇಳುತ್ತದೆ. ಕಮಾಂಡ್ ಬೇಡ ಅನ್ನುವವರು ಅಲ್ಲೇ ಒಪ್ಪಿಕೊಳ್ಳಬಹುದು.

ಎಲ್ಲ ಕ್ಲಿಪ್ ಸೇರಿಸಿ ರಾತ್ರಿ ಪ್ರಾಕ್ಸಿ ತಯಾರಿಗೆ ಬಿಟ್ಟೆ. ಈ ಕೆಲಸ ನಿಧಾನವೇ. ಯಾವ 4ಕೆಯನ್ನು ಲ್ಯಾಪ್‌ಟಾಪ್ ಓಡಿಸಲಾರದೋ ಅದೇ 4ಕೆಯನ್ನು ಒಂದು ಸಲ ಪೂರ್ತಿ ಬಿಚ್ಚಿ ಮುಗಿಸಬೇಕು. ನನ್ನ ಯಂತ್ರದಲ್ಲಿ ಒಂದು ಗಂಟೆಯ ಫೂಟೇಜಿಗೆ ಒಂದು ಗಂಟೆಗಿಂತ ಎಷ್ಟೋ ಜಾಸ್ತಿ ಹೊತ್ತು ಹಿಡಿಯಿತು. ಆದರೆ ಈ ಕೆಲಸಕ್ಕೆ ನಾವು ಎದುರು ಕೂರಬೇಕಿಲ್ಲ. ಲ್ಯಾಪ್‌ಟಾಪಿನ ಹಿಂಬದಿ ಎತ್ತರಿಸಿ ಗಾಳಿ ಆಡುವ ಹಾಗೆ ಇಟ್ಟೆ. ಮಲಗುವ ಸೆಟ್ಟಿಂಗ್ ಆಫ್ ಮಾಡಿದೆ, ಚಾರ್ಜರ್ ಹಾಕಿದೆ. ಕರಾವಳಿಯ ಸೆಕೆಯಲ್ಲಿ ಬಿಸಿಯಾದ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಹಾಗಾದರೆ ಕೆಲಸ ಇನ್ನೂ ಎಳೆಯುತ್ತದೆ. ಪ್ರಾಕ್ಸಿ ಆದ ಕ್ಲಿಪ್ ಮೇಲೆ `P` ಗುರುತು ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲ ಕ್ಲಿಪ್ ಮೇಲೂ ಅದು ಇತ್ತು.

ಎಡಿಟ್ ಶುರು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಒಂದು ಉದ್ದದ ಕ್ಲಿಪ್‌ನ ಶುರುವಿನಲ್ಲಿ ಒಂದು ಚೆಂಡೆ ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು ಹುಡುಕಿದೆ. ಕೋಲು ಚರ್ಮಕ್ಕೆ ತಾಗುವ ಫ್ರೇಮಿನ ಮೇಲೆ ಪ್ಲೇಹೆಡ್ ನಿಲ್ಲಿಸಿದೆ. ಆಮೇಲೆ ಆ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಕ್ಸಿ ತೆಗೆದೆ. ಈಗ ಅದೇ ಜಾಗದಲ್ಲಿ ಮೂಲ ಫ್ರೇಮ್ ಕಾಣುತ್ತದೆ. ಓಡಿಸಿದರೆ ತಡೆಯುತ್ತದೆ ನಿಜ, ಆದರೆ ನಿಂತ ಫ್ರೇಮ್ ನೋಡಲು ಏನೂ ತೊಂದರೆ ಇಲ್ಲ. ಎರಡೂ ಕಡೆ ಕೋಲು ಅದೇ ಜಾಗದಲ್ಲಿತ್ತು. ಶುರುವಿನಲ್ಲಿ ಸರಿಯಿದ್ದು ಕೊನೆಯಲ್ಲಿ ಮಾತ್ರ ತಪ್ಪಿದ್ದರೆ ಫ್ರೇಮ್ ವೇಗದ ತೊಂದರೆ ಅಂತ ತಿಳಿಯಬೇಕು. ಆಗ ಕ್ಲಿಪ್ಪನ್ನು ಮತ್ತೆ ಒಂದೇ ವೇಗಕ್ಕೆ ತಂದು ಪ್ರಾಕ್ಸಿ ಹೊಸದಾಗಿ ಮಾಡಬೇಕು.

ಕ್ಯಾಮೆರಾ ಮತ್ತು ಫೋನ್ ಎರಡನ್ನೂ ಜೋಡಿಸಿದ್ದು ಧ್ವನಿಯಿಂದ. ಕ್ಯಾಮೆರಾದ ಧ್ವನಿಯನ್ನು ಆಧಾರ ಅಂತ ಗುರುತಿಸಿ, ಫೋನಿನ ಧ್ವನಿಯನ್ನು ಅದಕ್ಕೆ ಹೊಂದಿಸು ಅಂದರೆ ಸಾಫ್ಟ್‌ವೇರ್ ತಾನೇ ಜೋಡಿಸುತ್ತದೆ. ಚೆಂಡೆ ಇದ್ದರೆ ಇದು ಬಹಳ ಚೆನ್ನಾಗಿ ಆಗುತ್ತದೆ, ಪೆಟ್ಟುಗಳು ಅಲೆಯಲ್ಲಿ ಚೂಪಾಗಿ ಎದ್ದು ಕಾಣುತ್ತವೆ. ಉದ್ದದ ಕ್ಲಿಪ್‌ನಲ್ಲಿ ಕೊನೆಗೆ ಒಂದೆರಡು ಫ್ರೇಮ್ ವ್ಯತ್ಯಾಸ ಉಳಿಯಿತು. ಅದು ಪ್ರಾಕ್ಸಿಯದ್ದಲ್ಲ. ಎರಡು ಯಂತ್ರಗಳ ಒಳಗಿನ ಗಡಿಯಾರ ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡುತ್ತದೆ. ಪ್ರತಿ ಪದ ಮುಗಿದ ಕಡೆ ಫೋನ್ ಕ್ಲಿಪ್ ಕತ್ತರಿಸಿ ಒಂದು ಫ್ರೇಮ್ ಸರಿಸಿದೆ.

ಅಲ್ಲಿಂದ ಎಡಿಟ್ ಮಾಡುವುದೇ ಖುಷಿಯಾಯಿತು. ಎರಡು ಕ್ಲಿಪ್ ಒಂದರ ಮೇಲೊಂದು ಇದ್ದರೂ 25 ಫ್ರೇಮ್ ಬರುತ್ತಿತ್ತು. ಪ್ಲೇ ಮಾಡುತ್ತಾ ತಾಳ ಹಾಕಿಕೊಂಡು, ಪೆಟ್ಟಿಗೆ ಸರಿಯಾಗಿ ಕೀ ಒತ್ತಿ ಗುರುತು ಹಾಕಿದೆ. ಆಮೇಲೆ ಗುರುತಿನ ಹತ್ತಿರ ಹಿಂದೆ ಮುಂದೆ ಹೋಗಿ ಸರಿ ಫ್ರೇಮ್ ಹಿಡಿದೆ. ಯುದ್ಧದ ಪ್ರವೇಶದ ಕುಣಿತ ಒಂದಿತ್ತು. ಅದರಲ್ಲಿ ಕಟ್‌ಗಳು ಎರಡು ಸೆಕೆಂಡಿಗೊಂದು ಬೀಳುತ್ತವೆ. ಪ್ರಾಕ್ಸಿ ಇಲ್ಲದೆ ಅದನ್ನು ಈ ಲ್ಯಾಪ್‌ಟಾಪಿನಲ್ಲಿ ಕಟ್ಟಲು ಆಗುತ್ತಲೇ ಇರಲಿಲ್ಲ.

ಪ್ರಾಕ್ಸಿಯನ್ನು ನಂಬಬಾರದ ಕೆಲಸಗಳೂ ಇವೆ. ಮೊದಲನೆಯದು ಫೋಕಸ್. 960ಕ್ಕೆ ಕುಗ್ಗಿದ ಚಿತ್ರದಲ್ಲಿ ಸ್ವಲ್ಪ ಮಸುಕಾದದ್ದೂ ಚುರುಕಾಗಿ ಕಾಣುತ್ತದೆ. ಎರಡನೆಯದು ಕತ್ತಲೆಯ ಕಾಳು ಕಾಳು ನಾಯ್ಸ್. ಕುಗ್ಗಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು ನಾಯ್ಸ್ ತಾನಾಗಿ ಕರಗುತ್ತದೆ. ಪ್ರಾಕ್ಸಿ ನೋಡಿಕೊಂಡು ನಾಯ್ಸ್ ತೆಗೆಯುವ ಎಫೆಕ್ಟಿನ ಅಳತೆ ಇಟ್ಟರೆ ಮೂಲದಲ್ಲಿ ಅದು ಸಾಲುವುದಿಲ್ಲ. ಮೂರನೆಯದು ಹಿಗ್ಗಿಸುವುದು. ನನ್ನ ಟೈಮ್‌ಲೈನ್ 1080ಪಿ. 4ಕೆ ಇರುವುದರಿಂದ ಮುಖದ ಹತ್ತಿರಕ್ಕೆ ಎರಡು ಪಟ್ಟು ಹಿಗ್ಗಿಸಿದರೂ ಮೂಲದಲ್ಲಿ ಚಿತ್ರ ಚೆನ್ನಾಗಿಯೇ ಇರುತ್ತದೆ. ಪ್ರಾಕ್ಸಿಯಲ್ಲಿ ಮಾತ್ರ ಅದೇ ಶಾಟ್ ಮಸಕು ಮಸಕು. ಅದನ್ನು ನೋಡಿ ಒಳ್ಳೇ ಶಾಟ್ ಬಿಟ್ಟುಬಿಡಬಾರದು, ಅಲ್ವಾ? ಇಂಥ ಶಾಟ್‌ಗಳಿಗೆ ಬಣ್ಣದ ಗುರುತು ಹಾಕಿಟ್ಟು, ಕೊನೆಗೆ ಒಂದೊಂದರ ಪ್ರಾಕ್ಸಿ ತೆಗೆದು ಮೂಲದಲ್ಲೇ ನೋಡಿ ನಿರ್ಧರಿಸಿದೆ.

ರೆಂಡರ್ ಹೊತ್ತಿಗೆ ಇನ್ನೊಂದು ವಿಷಯ. ಕೆಡಿಎನ್‌ಲೈವ್ ತಾನಾಗಿ ಮೂಲ ಕ್ಲಿಪ್‌ಗಳಿಂದಲೇ ರೆಂಡರ್ ಮಾಡುತ್ತದೆ. ಪ್ರಾಕ್ಸಿ ಬಳಸಿ ರೆಂಡರ್ ಮಾಡು ಎನ್ನುವ ಒಂದು ಆಯ್ಕೆಯೂ ಇದೆ. ಮೇಳದವರಿಗೆ ಬೇಗ ಒಂದು ಕರಡು ತೋರಿಸಬೇಕಿತ್ತು, ಅದಕ್ಕೆ ಆ ಆಯ್ಕೆ ಹಾಕಿ ರೆಂಡರ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಭಾಗವತರು ನೋಡಿ, ಒಂದು ಪದದ ಏರು ದನಿಯಲ್ಲಿ ನಮ್ಮ ಮುಖ ಬೇಡ, ವೇಷವೇ ಇರಲಿ ಅಂದರು. ತಿದ್ದಿದೆ. ಕೊನೆಯ ರೆಂಡರ್‌ಗೆ ಆ ಟಿಕ್ ತೆಗೆದು, ಹೊರಗಿನ ಡಿಸ್ಕ್ ಜೋಡಿಸಿದೆ.

ಕೊನೆಯ ಫೈಲು ಪ್ರಾಕ್ಸಿಯಿಂದ ಬಂತಾ ಮೂಲದಿಂದ ಬಂತಾ ಅಂತ ಅದರ ಅಳತೆಯಿಂದ ತಿಳಿಯುವುದಿಲ್ಲ. ಪ್ರಾಜೆಕ್ಟ್ 1080ಪಿ ಆಗಿರುವುದರಿಂದ ಎರಡೂ ಸಲ 1920 ಅಗಲ, 1080 ಎತ್ತರವೇ ಬರುತ್ತದೆ. ಕಣ್ಣಿನಿಂದಲೇ ನೋಡಬೇಕು. ನಾನು ಕೇದಗೆ ಮುಂದಲೆ ಅನ್ನುವ ಶಿರೋಭೂಷಣ ಕಟ್ಟಿದ ವೇಷದ ಒಂದು ಹತ್ತಿರದ ಶಾಟ್ ಆರಿಸಿದೆ. ಕರಡಿನಲ್ಲಿ ಮುಂದಲೆಯ ಅಂಚಿನ ಪಟ್ಟಿ ಒಂದೇ ಗೆರೆಯಾಗಿ ಕಾಣುತ್ತಿತ್ತು. ಕೊನೆಯ ಫೈಲಿನಲ್ಲಿ ಅದರ ಒಂದೊಂದು ಎಳೆಯೂ ಬೇರೆಯಾಗಿ ಕಂಡಿತು. ಹೀಗೆ ಹೋಲಿಸಲು ಸಣ್ಣ ವಿವರ ಜಾಸ್ತಿ ಇರುವ ಒಂದು ಶಾಟ್ ಸಾಕು.

ರೆಂಡರ್‌ಗೆ ಹಿಡಿಯುವ ಹೊತ್ತನ್ನು ಪ್ರಾಕ್ಸಿ ಕಡಿಮೆ ಮಾಡುವುದಿಲ್ಲ, ಆ ಹೊತ್ತಿಗೆ ಮತ್ತೆ 4ಕೆಯನ್ನೇ ಬಿಚ್ಚಬೇಕು. ನನ್ನದು ರಾತ್ರಿಯಿಡೀ ಓಡಿತು. ಭಾರವಾದ ಎಫೆಕ್ಟ್ ಹಾಕಿದ ಜಾಗಗಳಲ್ಲಿ ಎಡಿಟ್ ಹೊತ್ತಿನ ತಡೆಯೂ ಪೂರ್ತಿ ಹೋಗಲಿಲ್ಲ. ಅದಕ್ಕೆ ನಾಯ್ಸ್ ತೆಗೆಯುವ ಎಫೆಕ್ಟನ್ನು ಕಟ್ ಎಲ್ಲ ಮುಗಿದ ಮೇಲೆ ಹಾಕಿದೆ.

ಕೆಲಸ ಮುಗಿದ ಮೇಲೆ ಪ್ರಾಕ್ಸಿಗಳನ್ನು ಅಳಿಸಿ ಎಸ್‌ಎಸ್‌ಡಿ ಖಾಲಿ ಮಾಡಿದೆ. ಮೂಲ ಕ್ಲಿಪ್‌ಗಳು, ಫೋನಿನ 25 ಫ್ರೇಮ್‌ನ ಫೈಲುಗಳು ಮತ್ತು ಪ್ರಾಜೆಕ್ಟ್ ಫೈಲು, ಈ ಮೂರನ್ನು ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ಯಾವಾಗಾದರೂ ಒಂದು ಪದ ಮಾತ್ರ ಬೇರೆ ಮಾಡಿ ಕೊಡಿ ಅಂತ ಮೇಳದವರು ಕೇಳಿದರೆ, ಆ ಭಾಗದ ಕ್ಲಿಪ್‌ಗಳಿಗೆ ಮಾತ್ರ ಪ್ರಾಕ್ಸಿ ಮತ್ತೆ ಮಾಡಿಕೊಂಡರೆ ಆಯಿತು.